ಎಫ್‌ಡಿನಾ, ಆರ್‌ಡಿನಾ? ಬ್ಯಾಂಕ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಠೇವಣಿ ಕೌಂಟರಿನ ಹಿಂದೆ ಕೂತು ಬಹಳ ವರ್ಷ ಕೆಲಸ ಮಾಡಿದ್ದೇನೆ. ಜನ ಕೇಳಿದ ಪ್ರಶ್ನೆಗಳೇ ಇವು. ನಾನು ಕೊಡುತ್ತಿದ್ದ ಉತ್ತರಗಳನ್ನ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಲೆಕ್ಕಕ್ಕೆ ಎಲ್ಲ ಕಡೆ ವರ್ಷಕ್ಕೆ 7 ಪರ್ಸೆಂಟ್ ಬಡ್ಡಿ ಅಂತ ಹಿಡಿದಿದ್ದೇನೆ. ನೀವು ಹೋಗುವ ದಿನ ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು. ದರ ಬದಲಾದರೂ ಲೆಕ್ಕ ಮಾಡುವ ರೀತಿ ಒಂದೇ.

ಎಫ್‌ಡಿ ಅಂದರೆ ಏನು, ಆರ್‌ಡಿ ಅಂದರೆ ಏನು?

ಎಫ್‌ಡಿಯಲ್ಲಿ ದುಡ್ಡು ಒಂದೇ ಸಲ ಇಡುತ್ತೀರಿ. ಅವಧಿ ಮುಗಿದ ದಿನ ಬಡ್ಡಿ ಸೇರಿಸಿ ವಾಪಸ್ ಬರುತ್ತೆ. ಆರ್‌ಡಿಯಲ್ಲಿ ಪ್ರತಿ ತಿಂಗಳು ಒಂದೇ ಮೊತ್ತದ ಕಂತು ಕಟ್ಟುತ್ತಾ ಹೋಗುತ್ತೀರಿ, ಕೊನೆಗೆ ಎಲ್ಲ ಒಟ್ಟಿಗೆ ಸಿಗುತ್ತೆ. ಎಫ್‌ಡಿ ಏಳು ದಿನದಿಂದ ಹತ್ತು ವರ್ಷದವರೆಗೆ ಇಡಬಹುದು. ಆರ್‌ಡಿ ಆರು ತಿಂಗಳೋ ಒಂದು ವರ್ಷವೋ ಆದರೂ ಇರಬೇಕು, ಅದು ಬ್ಯಾಂಕಿನ ಮೇಲೆ ಹೋಗುತ್ತೆ. ಎರಡರಲ್ಲೂ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತೆ. ಅರವತ್ತು ದಾಟಿದವರಿಗೆ ಹೆಚ್ಚಿನ ಬ್ಯಾಂಕುಗಳು ಎರಡಕ್ಕೂ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತವೆ.

ದರ ಒಂದೇ ಅಂತೀರಿ. ಹಾಗಾದರೆ ಆರ್‌ಡಿಯಲ್ಲಿ ಬಡ್ಡಿ ಯಾಕೆ ಅರ್ಧ ಬಂತು?

ಅತಿ ಹೆಚ್ಚು ಜಗಳ ಆಗಿದ್ದು ಇದೇ ಪ್ರಶ್ನೆಗೆ. ಒಂದು ಸಲ ಒಬ್ಬ ಹೈಸ್ಕೂಲ್ ಮೇಷ್ಟ್ರು ಪಾಸ್‌ಬುಕ್ ಹಿಡಿದು ಬಂದರು. ಅವರು ತಿಂಗಳಿಗೆ 10,000ದ ಹಾಗೆ ಒಂದು ವರ್ಷ ಆರ್‌ಡಿ ಕಟ್ಟಿದ್ದರು. ಅವರ ಭಾವ ಅದೇ ವರ್ಷ 1,20,000 ಎಫ್‌ಡಿ ಇಟ್ಟಿದ್ದರು. "ಮೇಡಂ, ಇಬ್ಬರದ್ದೂ ಒಂದು ಲಕ್ಷದ ಇಪ್ಪತ್ತು ಸಾವಿರವೇ. ಅವರಿಗೆ ಎಂಟು ಸಾವಿರದ ಆರುನೂರು ಬಡ್ಡಿ, ನನಗೆ ನಾಲ್ಕು ಸಾವಿರದ ಆರುನೂರು. ಎಲ್ಲೋ ತಪ್ಪಾಗಿದೆ ನೋಡಿ" ಅಂದರು.

ತಪ್ಪಾಗಿರಲಿಲ್ಲ. ಹಳೇ ಚಲನ್ ಒಂದರ ಹಿಂದೆ ಪೆನ್ಸಿಲಲ್ಲಿ ಬರೆದು ತೋರಿಸಿದೆ. ಮೊದಲ ಕಂತು ಬ್ಯಾಂಕಿನಲ್ಲಿ ಹನ್ನೆರಡು ತಿಂಗಳು ಇತ್ತು. ಎರಡನೆಯದು ಹನ್ನೊಂದು ತಿಂಗಳು, ಮೂರನೆಯದು ಹತ್ತು. ಹೀಗೆ ಇಳಿಯುತ್ತಾ ಬಂದು ಕೊನೆಯ ಕಂತು ಒಂದೇ ತಿಂಗಳು ಇತ್ತು. ಹನ್ನೆರಡರಿಂದ ಒಂದರವರೆಗೆ ಕೂಡಿದರೆ 78 ತಿಂಗಳು. ಭಾವನ ದುಡ್ಡನ್ನೂ ಹತ್ತು ಹತ್ತು ಸಾವಿರದ ಹನ್ನೆರಡು ಕಟ್ಟು ಅಂದುಕೊಳ್ಳಿ. ಒಂದೊಂದು ಕಟ್ಟೂ ಪೂರ್ತಿ ಹನ್ನೆರಡು ತಿಂಗಳು ಇತ್ತು, ಅಂದರೆ 144 ತಿಂಗಳು. 144ಕ್ಕೆ 78 ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬಡ್ಡಿಯೂ ಅಷ್ಟೇ ಬಂದಿದೆ: 7 ಪರ್ಸೆಂಟಿಗೆ ಎಫ್‌ಡಿಯಲ್ಲಿ ಸುಮಾರು 8,620 ರೂಪಾಯಿ, ಆರ್‌ಡಿಯಲ್ಲಿ ಸುಮಾರು 4,620.

ಮೇಷ್ಟ್ರು ಆ ಚಲನ್ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಬ್ಯಾಂಕ್ ಅವರ ಬಡ್ಡಿ ಹಿಡಿದಿರಲಿಲ್ಲ. ಅವರ ದುಡ್ಡು ಬ್ಯಾಂಕಿನಲ್ಲಿ ಕೂತಿದ್ದೇ ಕಮ್ಮಿ ದಿನ.

ಹಾಗಾದರೆ ಆರ್‌ಡಿ ಮಾಡೋದೇ ನಷ್ಟ ಅಲ್ವಾ?

ಅಲ್ಲ. ಮೇಷ್ಟ್ರಿಗೆ ಏಪ್ರಿಲ್ ತಿಂಗಳಲ್ಲಿ 1,20,000 ಕೈಯಲ್ಲಿ ಇರಲೇ ಇಲ್ಲ. ಅವರದು ತಿಂಗಳ ಸಂಬಳ. ಆರ್‌ಡಿ ಮಾಡದಿದ್ದರೆ ಆ ದುಡ್ಡು ಎಸ್‌ಬಿ ಖಾತೆಯಲ್ಲಿ ಬಿದ್ದಿರುತ್ತಿತ್ತು. ಎಸ್‌ಬಿಗೆ ಎರಡೂವರೆ ಪರ್ಸೆಂಟ್ ಅಂತ ಇಟ್ಟುಕೊಂಡರೂ ವರ್ಷಕ್ಕೆ ಸುಮಾರು 1,625 ರೂಪಾಯಿ ಬರುತ್ತಿತ್ತು, ಅದೂ ಮಧ್ಯೆ ಒಂದು ರೂಪಾಯಿ ತೆಗೆಯದಿದ್ದರೆ. ಅವರ 4,620ನ್ನು ಹೋಲಿಸಬೇಕಾದ್ದು ಇದರ ಜೊತೆ. ಭಾವನ 8,620ರ ಜೊತೆ ಹೋಲಿಸಿದರೆ ಸರಿಹೋಗಲ್ಲ.

ಈಗ ತಿರುಗಿಸಿ ನೋಡಿ. ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರ ಹೆಂಡತಿ ಮಾರ್ಚ್ ಕೊನೆಗೆ ಕಾಳುಮೆಣಸು ಮಾರಿದ 1,20,000 ಎಸ್‌ಬಿಗೆ ಹಾಕಿದ್ದರು. ಅದರಿಂದಲೇ ತಿಂಗಳಿಗೆ 10,000 ಆರ್‌ಡಿಗೆ ಹೋಗುವ ಹಾಗೆ ಬರೆದುಕೊಡಲು ಬಂದರು. "ಪ್ರತಿ ತಿಂಗಳು ಕಟ್ಟಿದರೆ ಬೆಳೆಯುತ್ತೆ ಅಂತ ನಮ್ಮ ಅತ್ತಿಗೆ ಹೇಳಿದ್ರು" ಅಂದರು. ಅತ್ತಿಗೆ ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಅವರಿಗೆ ಆರ್‌ಡಿ ಸರಿ. ಇವರಿಗೆ? ಆರ್‌ಡಿಯಿಂದ 4,620, ಎಸ್‌ಬಿಯಲ್ಲಿ ಕರಗುತ್ತಾ ಹೋಗುವ ಬಾಕಿಗೆ ಸುಮಾರು 1,375. ಎರಡೂ ಸೇರಿ ಆರು ಸಾವಿರದ ಹತ್ತಿರ. ಅದೇ ದುಡ್ಡನ್ನ ಅವತ್ತೇ ಎಫ್‌ಡಿ ಮಾಡಿದರೆ 8,620. ಸುಮ್ನೆ ಎರಡೂವರೆ ಸಾವಿರ ಬಿಟ್ಟ ಹಾಗೆ. ಅವರು ಫಾರಂ ಬದಲಾಯಿಸಿ ಎಫ್‌ಡಿ ಮಾಡಿದರು.

ದುಡ್ಡು ಒಂದೇ ಸಲ ಬಂದಿದ್ದರೆ ಎಫ್‌ಡಿ. ತಿಂಗಳು ತಿಂಗಳು ಬರುವುದಾದರೆ ಆರ್‌ಡಿ. ಎಷ್ಟು ದುಡ್ಡು ಅನ್ನೋದಕ್ಕಿಂತ ಯಾವಾಗ ಕೈಗೆ ಬರುತ್ತೆ ಅನ್ನೋದನ್ನ ನಾನು ಮೊದಲು ಕೇಳುತ್ತಿದ್ದೆ.

ನಾವು ಕಾಫಿ ಬೆಳೆಗಾರರು. ವರ್ಷಕ್ಕೊಂದು ಸಲ ದುಡ್ಡು, ಖರ್ಚು ಮಾತ್ರ ವರ್ಷವಿಡೀ. ಎಫ್‌ಡಿ ಇಟ್ಟರೆ ದುಡ್ಡು ಸಿಕ್ಕಿಹಾಕಿಕೊಳ್ಳಲ್ವಾ?

ಒಂದೇ ಬಾಂಡ್ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತೆ. ಬಿಡಿಸಿ ಇಟ್ಟರೆ ಇಲ್ಲ. ಸಕಲೇಶಪುರ ಕಡೆಯ ಒಂದು ಸಣ್ಣ ತೋಟದ ಲೆಕ್ಕ ಹೇಳುತ್ತೇನೆ. ರೊಬಸ್ಟಾ ಕೊಯ್ಲು ಮುಗಿದು, ಒಣಗಿಸಿ, ಚೆರ್ರಿ ಮಾರಿ, ಸಾಲದ ಬಾಕಿ ಎಲ್ಲ ಕಳೆದು ಮಾರ್ಚ್ ಕೊನೆಗೆ ಕೈಯಲ್ಲಿ 6 ಲಕ್ಷ ಉಳಿದಿದೆ ಅಂದುಕೊಳ್ಳಿ. ಮುಂದಿನ ಕೊಯ್ಲಿನ ದುಡ್ಡು ಬರುವ ತನಕ ಇದೇ ಆಧಾರ.

ಮೊದಲು ಒಂದು ಹಾಳೆಯಲ್ಲಿ ಖರ್ಚು ಯಾವ ತಿಂಗಳು ಬರುತ್ತೆ ಅಂತ ಬರೆದುಕೊಳ್ಳಿ. ಮೇ ಕೊನೆ, ಜೂನ್ ಅಂದರೆ ಮಳೆಗೆ ಮುಂಚಿನ ಗೊಬ್ಬರ, ಜೊತೆಗೆ ಮಕ್ಕಳ ಶಾಲೆ ಫೀಸು. ಸೆಪ್ಟೆಂಬರ್ ಹೊತ್ತಿಗೆ ಮಳೆ ಕಮ್ಮಿಯಾದ ಮೇಲಿನ ಗೊಬ್ಬರ, ಕಳೆ ತೆಗೆಸೋದು. ನವೆಂಬರ್ ಕೊನೆಯಿಂದ ಕೊಯ್ಲಿನ ಕೂಲಿ. ವಾರ ವಾರ ಬಟವಾಡೆ ಮಾಡಲೇಬೇಕು, ಅದು ನಿಲ್ಲೋ ಹಾಗಿಲ್ಲ.

ಈ ಮನೆಯವರು ಹೀಗೆ ಮಾಡಿದರು. ವಾರದ ಕೂಲಿಗೆ, ಮನೆ ಖರ್ಚಿಗೆ 1 ಲಕ್ಷ ಎಸ್‌ಬಿಯಲ್ಲೇ ಬಿಟ್ಟರು. 1.5 ಲಕ್ಷ ಎರಡು ತಿಂಗಳ ಎಫ್‌ಡಿ, ಮೇ ಕೊನೆಗೆ ಕೈಗೆ ಬರುವ ಹಾಗೆ. ಇನ್ನೊಂದು 1.5 ಲಕ್ಷ ಐದೂವರೆ ತಿಂಗಳಿಗೆ, ಸೆಪ್ಟೆಂಬರ್ ಮಧ್ಯಕ್ಕೆ. ಉಳಿದ 2 ಲಕ್ಷ ನವೆಂಬರ್ ಕೊನೆಗೆ ಮುಗಿಯುವ ಹಾಗೆ ಎಂಟು ತಿಂಗಳಿಗೆ. ಕಮ್ಮಿ ಅವಧಿಗೆ ಬಡ್ಡಿ ದರವೂ ಕಮ್ಮಿ, ಅದು ನಿಜ. ಆದರೂ ಯಾವ ಬಾಂಡನ್ನೂ ಮಧ್ಯೆ ಒಡೆಯುವ ಪ್ರಮೇಯ ಬರಲಿಲ್ಲ.

ಇಲ್ಲೊಂದು ಎಚ್ಚರಿಕೆ. ಬ್ಯಾಂಕುಗಳು 400 ದಿನ, 444 ದಿನ ಅಂತ ವಿಶೇಷ ಅವಧಿ ಇಟ್ಟು ಸ್ವಲ್ಪ ಜಾಸ್ತಿ ದರ ಕೊಡುತ್ತವೆ. ಬೋರ್ಡ್ ನೋಡಿದವರೆಲ್ಲ ಅದನ್ನೇ ಕೇಳುತ್ತಾರೆ. ಮಾರ್ಚ್ ಕೊನೆಗೆ ಇಟ್ಟ 444 ದಿನದ ಠೇವಣಿ ಮುಗಿಯೋದು ಮುಂದಿನ ವರ್ಷ ಜೂನ್ ಮಧ್ಯದಲ್ಲಿ. ನಿಮಗೆ ದುಡ್ಡು ಬೇಕಾದ್ದು ನವೆಂಬರಿನಲ್ಲಿ. ದರ ನೋಡುವ ಮುಂಚೆ ಮುಗಿಯುವ ತಾರೀಖು ನೋಡಿ.

ಮಧ್ಯೆ ಅರ್ಜೆಂಟಾಗಿ ದುಡ್ಡು ಬೇಕಾದರೆ ಎಫ್‌ಡಿ ಒಡೆಯೋದಾ?

ಒಡೆಯುವ ಮುಂಚೆ ಎಫ್‌ಡಿ ಮೇಲೆ ಸಾಲ ಕೇಳಿ. ಇದನ್ನ ಜನ ಮರೆಯುತ್ತಾರೆ.

2 ಲಕ್ಷದ ಒಂದು ವರ್ಷದ ಎಫ್‌ಡಿ ಇದೆ, 7 ಪರ್ಸೆಂಟ್. ಹತ್ತು ತಿಂಗಳು ಆಗಿದೆ. ಆಸ್ಪತ್ರೆಗೆ 50,000 ಬೇಕು. ಒಡೆದರೆ ಬ್ಯಾಂಕ್ 7 ಪರ್ಸೆಂಟ್ ಕೊಡಲ್ಲ. ಹತ್ತು ತಿಂಗಳ ಠೇವಣಿಗೆ ನೀವು ಇಟ್ಟ ದಿನ ಎಷ್ಟು ದರ ಇತ್ತೋ ಅದನ್ನ ತೆಗೆದುಕೊಂಡು, ಅದರಲ್ಲೂ ಅರ್ಧದಿಂದ ಒಂದು ಪರ್ಸೆಂಟ್ ದಂಡ ಅಂತ ಕಳೆಯುತ್ತೆ. ಆ ದರ 6.25 ಇತ್ತು, ದಂಡ ಅರ್ಧ ಅಂದುಕೊಳ್ಳಿ. ಉಳಿಯೋದು 5.75. ಬಡ್ಡಿ ಸುಮಾರು 9,750 ಬರುತ್ತೆ. ಮಿಕ್ಕ ಒಂದೂವರೆ ಲಕ್ಷ ಇನ್ನೆರಡು ತಿಂಗಳು ಎಸ್‌ಬಿಯಲ್ಲಿ ಇದ್ದರೆ 600 ಚಿಲ್ಲರೆ. ಒಡೆಯದೆ ಬಿಟ್ಟಿದ್ದರೆ ಸುಮಾರು 14,370 ಬರುತ್ತಿತ್ತು. ಅಂದರೆ 50,000ಕ್ಕೋಸ್ಕರ ನಾಲ್ಕು ಸಾವಿರ ಹೋಯಿತು.

ಎಫ್‌ಡಿ ಮೇಲಿನ ಸಾಲಕ್ಕೆ ಎಫ್‌ಡಿ ದರಕ್ಕಿಂತ ಒಂದೋ ಎರಡೋ ಪರ್ಸೆಂಟ್ ಜಾಸ್ತಿ ಬಡ್ಡಿ. 8 ಪರ್ಸೆಂಟ್ ಅಂದರೆ 50,000ಕ್ಕೆ ಎರಡು ತಿಂಗಳಿಗೆ 670 ರೂಪಾಯಿ ಹತ್ತಿರ. ನಾಲ್ಕು ಸಾವಿರ ಎಲ್ಲಿ, 670 ಎಲ್ಲಿ! ಬಾಂಡ್ ತಂದು ಸಹಿ ಹಾಕಿದರೆ ಸಾಮಾನ್ಯವಾಗಿ ಅವತ್ತೇ ಸಿಗುತ್ತೆ.

ಆದರೆ ಎಫ್‌ಡಿ ಇಟ್ಟು ಒಂದು ತಿಂಗಳಷ್ಟೇ ಆಗಿದ್ದು, ದುಡ್ಡು ವಾಪಸ್ ಕಟ್ಟಲು ವರ್ಷ ಬೇಕು ಅಂದರೆ ಒಡೆಯೋದೇ ಮೇಲು. ಬಿಟ್ಟುಕೊಡುವ ಬಡ್ಡಿ ಇನ್ನೂ ಕಮ್ಮಿ ಇರುತ್ತೆ, ಸಾಲದ ಬಡ್ಡಿ ಮಾತ್ರ ವರ್ಷಪೂರ್ತಿ ಓಡುತ್ತೆ.

ಡೈರಿಗೆ ಹಾಲು ಹಾಕುತ್ತೇನೆ. ಆರ್‌ಡಿ ಕಂತು ಎಷ್ಟು ಇಟ್ಟುಕೊಳ್ಳಲಿ?

ಆರ್‌ಡಿ ಹೇಳಿ ಮಾಡಿಸಿದ್ದೇ ನಿಮ್ಮಂಥವರಿಗೆ. ಬಟವಾಡೆ ತಪ್ಪದೆ ಬರುತ್ತೆ. ಆದರೆ ಕಂತು ನಿಗದಿ ಮಾಡುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಎರಡೂ ಹಸು ಕರೆಯುತ್ತಿರುವಾಗ ಬ್ಯಾಂಕಿಗೆ ಬರುತ್ತಾರೆ. ಕೈಯಲ್ಲಿ ಚೆನ್ನಾಗಿ ಓಡಾಡುತ್ತಿರುತ್ತೆ, 5,000 ಅಂತ ಬರೆಸುತ್ತಾರೆ. ಆರು ತಿಂಗಳಿಗೆ ಒಂದು ಹಸು ಬತ್ತುತ್ತೆ, ಬೇಸಿಗೆಯಲ್ಲಿ ಮೇವು, ಹಿಂಡಿ ಖರ್ಚು ಏರುತ್ತೆ. ಅಲ್ಲಿಂದ ಕಂತು ತಪ್ಪಲು ಶುರು.

ಆರ್‌ಡಿ ಕಂತನ್ನ ಮಧ್ಯೆ ಇಳಿಸಲು ಸಾಮಾನ್ಯವಾಗಿ ಆಗಲ್ಲ. ಅದಕ್ಕೆ ವರ್ಷದಲ್ಲೇ ಅತಿ ಕಮ್ಮಿ ಹಾಲು ಹಾಕಿದ ತಿಂಗಳು ಯಾವುದು, ಆ ತಿಂಗಳು ಖರ್ಚೆಲ್ಲ ಕಳೆದು ಎಷ್ಟು ಉಳಿದಿತ್ತು ಅಂತ ಡೈರಿ ಪುಸ್ತಕ ತೆಗೆದು ನೋಡಿ. ಕಂತು ಅಷ್ಟೇ ಇರಲಿ, 1,500 ಆದರೂ ಪರವಾಗಿಲ್ಲ. ಚೆನ್ನಾಗಿರುವ ತಿಂಗಳುಗಳಲ್ಲಿ ಮಿಕ್ಕಿದ್ದು ಎಸ್‌ಬಿಯಲ್ಲಿ ಸೇರಲಿ. ಹತ್ತು ಸಾವಿರ ಆದಾಗ ಅದನ್ನ ಬೇರೆಯಾಗಿ ಒಂದು ಸಣ್ಣ ಎಫ್‌ಡಿ ಮಾಡಿ.

ಕಂತಿನ ತಾರೀಖನ್ನ ಬಟವಾಡೆ ಖಾತೆಗೆ ಬೀಳುವ ದಿನದ ಮಾರನೇ ದಿನಕ್ಕೋ ಅದರ ಮಾರನೇ ದಿನಕ್ಕೋ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಇಟ್ಟರೆ ಅಷ್ಟರಲ್ಲಿ ಖಾತೆ ಖಾಲಿ. ಸಂಬಳದವರಿಗೂ ಇದೇ ಮಾತು.

ಕಂತು ತಪ್ಪಿದರೆ ಏನಾಗುತ್ತೆ?

ಬ್ಯಾಂಕಿನಲ್ಲಿ ಸಣ್ಣ ದಂಡ. ಬೇರೆ ಬೇರೆ ಬ್ಯಾಂಕಿಗೆ ಬೇರೆ ಬೇರೆ ಇದೆ, ಖಾತೆ ತೆರೆಯುವಾಗಲೇ ಕೇಳಿ. ಅಂಚೆ ಕಚೇರಿಯಲ್ಲಿ ಸ್ಪಷ್ಟವಾಗಿದೆ: ನೂರು ರೂಪಾಯಿ ಕಂತಿಗೆ ತಿಂಗಳಿಗೆ ಒಂದು ರೂಪಾಯಿ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತೆ. ಆಮೇಲೆ ಎರಡು ತಿಂಗಳ ಒಳಗೆ ಬಾಕಿ ಕಟ್ಟಿ ಚಾಲು ಮಾಡಿಸದಿದ್ದರೆ ಮುಂದೆ ಕಟ್ಟಲು ಆಗಲ್ಲ.

ಅಂಚೆ ಕಚೇರಿ ಆರ್‌ಡಿ ಒಳ್ಳೆಯದಾ, ಬ್ಯಾಂಕಿನದಾ?

ಐದು ವರ್ಷ ಮುಟ್ಟದೆ ಇರಬಲ್ಲಿರಿ ಅಂದರೆ ಅಂಚೆ ಕಚೇರಿದು ಗಟ್ಟಿ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ದರವನ್ನ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತೆ. 2023ರ ಅಕ್ಟೋಬರ್‌ನಲ್ಲಿ ಅದು 6.7 ಪರ್ಸೆಂಟ್ ಆಯಿತು. ನೀವು ಸೇರಿದ ದಿನದ ದರ ಐದು ವರ್ಷವೂ ನಿಮಗೆ ಖಾಯಂ. ಆ ದರದಲ್ಲಿ ತಿಂಗಳಿಗೆ 5,000 ಕಟ್ಟಿದರೆ ಕಟ್ಟಿದ್ದು 3 ಲಕ್ಷ, ಕೈಗೆ ಬರೋದು ಸುಮಾರು 3,56,830.

ಆದರೆ ಮೂರು ವರ್ಷ ಆಗುವ ತನಕ ಅದನ್ನ ಮುಚ್ಚುವ ಹಾಗಿಲ್ಲ. ಮೂರು ವರ್ಷದ ಮೇಲೆ ಮುಚ್ಚಬಹುದು, ಆಗ ಸಿಗೋದು ಅಂಚೆ ಉಳಿತಾಯ ಖಾತೆಯ ದರ ಅಷ್ಟೇ. ಐದು ವರ್ಷ ಮುಗಿಯಲು ಒಂದು ದಿನ ಬಾಕಿ ಇದ್ದಾಗ ಮುಚ್ಚಿದರೂ ಅದೇ ನಿಯಮ. 57 ಸಾವಿರದ ಹತ್ತಿರ ಇದ್ದ ಬಡ್ಡಿ 4 ಪರ್ಸೆಂಟ್ ಲೆಕ್ಕದಲ್ಲಿ 30 ಸಾವಿರದ ಆಸುಪಾಸಿಗೆ ಇಳಿಯುತ್ತೆ. ಮಗಳ ಮದುವೆಯೋ ಮನೆ ಕೆಲಸವೋ ನಾಲ್ಕನೇ ವರ್ಷಕ್ಕೆ ಬರಬಹುದು ಅಂತ ಅನ್ನಿಸಿದರೆ ಬ್ಯಾಂಕಿನಲ್ಲಿ ಒಂದೋ ಎರಡೋ ವರ್ಷದ ಆರ್‌ಡಿ ಮಾಡಿ. ದುಡ್ಡು ತುರ್ತಾಗಿ ಬೇಕಾದರೆ ಅಂಚೆ ಆರ್‌ಡಿ ಮೇಲೂ ಸಾಲ ಇದೆ. ಹನ್ನೆರಡು ಕಂತು ಕಟ್ಟಿ ವರ್ಷ ಆಗಿದ್ದರೆ ಕಟ್ಟಿದ್ದರಲ್ಲಿ ಅರ್ಧದವರೆಗೆ ಕೊಡುತ್ತಾರೆ.

ತೋಟದ ಕೆಲಸದವರಿಗೆ ಪಿಗ್ಮಿ ಸಾಲದಾ? ಆರ್‌ಡಿ ಯಾಕೆ?

ಪಿಗ್ಮಿ ನಮ್ಮ ಕರಾವಳಿಯಿಂದಲೇ ಬಂದ ಪದ್ಧತಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೋ ಅಂಗಡಿಗೋ ಬಂದು ದಿನಕ್ಕೆ ಹತ್ತು, ಇಪ್ಪತ್ತು ರೂಪಾಯಿ ಒಯ್ಯುತ್ತಾನೆ. ಸಂತೆಯಲ್ಲಿ ವ್ಯಾಪಾರ ಮಾಡುವವರಿಗೆ, ದಿನಗೂಲಿಯವರಿಗೆ ಅದು ಅನುಕೂಲ. ಆದರೆ ಏಜೆಂಟಿನ ಕಮಿಷನ್ ಎಲ್ಲಿಂದಾದರೂ ಹುಟ್ಟಬೇಕಲ್ಲ, ಅದಕ್ಕೆ ಬಡ್ಡಿ ಸಾಮಾನ್ಯವಾಗಿ ಆರ್‌ಡಿಗಿಂತ ಕಮ್ಮಿ. ಕೂಲಿ ನೇರ ಬ್ಯಾಂಕ್ ಖಾತೆಗೆ ಬರುತ್ತಿದ್ದರೆ ಆರ್‌ಡಿ ಮೇಲು. ಕೈಗೆ ನಗದು ಬಂದು ಸಂತೆಯಲ್ಲೇ ಮುಗಿದುಹೋಗುತ್ತೆ ಅನ್ನುವವರಿಗೆ ಪಿಗ್ಮಿಯೇ ಸರಿ. ಪುಸ್ತಕದಲ್ಲಿ ದಿನಾ ಬರೆಸಿಕೊಳ್ಳಿ.

ಬಡ್ಡಿ ದರ ಇಳಿಯುತ್ತಿದೆ. ಈಗ ಯಾವುದು ಮೇಲು?

ಆರ್‌ಡಿಗೆ ಇರುವ ಒಂದು ಒಳ್ಳೆಯ ಗುಣ ಇಲ್ಲಿ ಕಾಣುತ್ತೆ. ಖಾತೆ ತೆರೆದ ದಿನದ ದರ ಮುಂದೆ ಕಟ್ಟುವ ಎಲ್ಲ ಕಂತಿಗೂ ಅನ್ವಯ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನ 6.5ರಿಂದ 5.5ಕ್ಕೆ ಇಳಿಸಿತು, ಬ್ಯಾಂಕುಗಳೂ ಠೇವಣಿ ದರ ಇಳಿಸಿದವು. ಜನವರಿಯಲ್ಲಿ ಎರಡು ವರ್ಷದ ಆರ್‌ಡಿ ತೆರೆದವರ ಕಂತುಗಳಿಗೆ ಹಳೇ ದರವೇ ನಡೆಯಿತು. ಆಗ ತಿಂಗಳು ತಿಂಗಳು ಸಣ್ಣ ಎಫ್‌ಡಿ ಮಾಡುತ್ತಿದ್ದವರಿಗೆ ಪ್ರತಿ ಸಲ ಕಮ್ಮಿ ದರ ಸಿಕ್ಕಿತು. ದರ ಏರುವಾಗ ಇದೇ ತಿರುವುಮುರುವು.

ಕೃಷಿ ದುಡ್ಡಲ್ವಾ, ಬಡ್ಡಿಗೆ ತೆರಿಗೆ ಯಾಕೆ?

ಬೆಳೆದ ಕಾಫಿಯನ್ನ ಹಾಗೆಯೇ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಅದೇ ದುಡ್ಡನ್ನ ಬ್ಯಾಂಕಿನಲ್ಲಿ ಇಟ್ಟಾಗ ಬರುವ ಬಡ್ಡಿ ಕೃಷಿ ಆದಾಯ ಅಲ್ಲ. ನಮ್ಮ ಕಡೆ ಬೆಳೆಗಾರರು ಹೆಚ್ಚು ಬೇಜಾರು ಮಾಡಿಕೊಂಡಿದ್ದು ಇದಕ್ಕೇ. ಎಫ್‌ಡಿಯಾಗಲಿ ಆರ್‌ಡಿಯಾಗಲಿ, ಬಡ್ಡಿಯನ್ನ ನಿಮ್ಮ ಬೇರೆ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ.

ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಬ್ಯಾಂಕ್ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತೆ. ಅರವತ್ತು ದಾಟಿದವರಿಗೆ ಈ ಮಿತಿ 1 ಲಕ್ಷ. 2025ರ ಏಪ್ರಿಲ್‌ನಿಂದ ಹೀಗಿದೆ. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್ ಹೋಗುತ್ತೆ. ಒಟ್ಟು ಆದಾಯ ತೆರಿಗೆ ಮಿತಿಯೊಳಗೆ ಇದ್ದರೆ ಹಾಗಂತ ಬರೆದುಕೊಡುವ ಫಾರಂ ಇದೆ, 15ಜಿ, 15ಎಚ್ ಅಂತಲೇ ಜನ ಕರೆಯೋದು. ಏಪ್ರಿಲ್ ಬಂದ ಕೂಡಲೇ ಕೊಡಿ. ದುಡ್ಡು ಹಿಡಿದ ಮೇಲೆ ಬಂದರೆ ಕೌಂಟರಿನಲ್ಲಿ ನಾವು ವಾಪಸ್ ಕೊಡಲು ಬರಲ್ಲ, ರಿಟರ್ನ್ ಹಾಕಿಯೇ ತರಿಸಿಕೊಳ್ಳಬೇಕು.

ಸೌಹಾರ್ದ ಸಹಕಾರಿಯಲ್ಲಿ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ. ಅಲ್ಲಿ ಇಡಲಾ?

ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿಯ ಠೇವಣಿಗೆ ಡಿಐಸಿಜಿಸಿ ವಿಮೆ ಇದೆಯಾ? ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷದವರೆಗೆ ಕೊಡುವ ವಿಮೆ ಅದು. 2020ರ ಫೆಬ್ರವರಿಗೆ ಮುಂಚೆ ಒಂದೇ ಲಕ್ಷ ಇತ್ತು. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕ್, ಇವೆಲ್ಲ ಅದರಲ್ಲಿ ಬರುತ್ತವೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಬರಲ್ಲ. ಚೆನ್ನಾಗಿ ನಡೆಯುವ ಸಂಘಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಕೊಯ್ಲಿನ ಪೂರ್ತಿ ದುಡ್ಡು ಅಲ್ಲಿ ಇಡೋದು ನನಗೆ ಒಪ್ಪಿಗೆಯಿಲ್ಲ. ನಮ್ಮ ಹತ್ತಿರದ ಸಂಬಂಧಿಕರೊಬ್ಬರು ನಿವೃತ್ತಿ ದುಡ್ಡನ್ನ ಹಾಗೊಂದು ಸಂಘದಲ್ಲಿ ಇಟ್ಟು, ಅವಧಿ ಮುಗಿದ ಮೇಲೂ ಬಾಂಡ್ ಹಿಡಿದು ತಿಂಗಳುಗಟ್ಟಲೆ ಅಲೆದದ್ದನ್ನ ನೋಡಿದ್ದೇನೆ.

ಆ 5 ಲಕ್ಷದ ಲೆಕ್ಕದಲ್ಲಿ ಎಸ್‌ಬಿ, ಎಫ್‌ಡಿ, ಆರ್‌ಡಿ ಎಲ್ಲ ಒಟ್ಟಿಗೆ ಬರುತ್ತೆ. ಅದೇ ಬ್ಯಾಂಕಿನ ಬೇಲೂರು ಶಾಖೆಯಲ್ಲಿ ಒಂದು, ಹಾಸನದಲ್ಲಿ ಒಂದು ಇಟ್ಟರೂ ಒಂದೇ ಲೆಕ್ಕ.

ಎರಡನ್ನೂ ಒಟ್ಟಿಗೆ ಮಾಡಬಹುದಾ?

ಮಾಡಬಹುದು. ಆ ಮೇಷ್ಟ್ರು ಮಾಡಿದ್ದು ಅದನ್ನೇ. ಆರ್‌ಡಿ ಮುಗಿದಾಗ ಅವರಿಗೆ 1,24,620 ಬಂತು. ಆರ್‌ಡಿ ಮುಗಿದ ದುಡ್ಡು ತಾನಾಗಿ ಎಸ್‌ಬಿಗೆ ಬಿದ್ದು ಅಲ್ಲೇ ಕೂತುಬಿಡುತ್ತೆ, ಬಹಳ ಜನ ತಿಂಗಳುಗಟ್ಟಲೆ ನೋಡುವುದೇ ಇಲ್ಲ. ಅವರು ಅದೇ ವಾರ ಬಂದು 1,20,000 ಎಫ್‌ಡಿ ಮಾಡಿದರು, ಸಂಬಳದಿಂದ ಹೊಸ ಆರ್‌ಡಿಯನ್ನೂ ಶುರು ಮಾಡಿದರು. ಎಫ್‌ಡಿ ಫಾರಂನಲ್ಲಿ ತಾನಾಗಿ ನವೀಕರಣ ಬೇಕಾ ಅಂತ ಕೇಳುವ ಜಾಗದಲ್ಲಿ ಬೇಡ ಅಂತ ಗುರುತು ಹಾಕಿ, ಮುಗಿದ ದುಡ್ಡು ಎಸ್‌ಬಿಗೆ ಬರಲಿ ಅಂತ ಬರೆದರು. ಮುಂದಿನ ಏಪ್ರಿಲ್‌ನಲ್ಲಿ ಮಗನ ಕಾಲೇಜಿಗೆ ಆ ದುಡ್ಡು ಬೇಕಿತ್ತು.